ಮೊದಲ ಸಂಜೆಯ ನಾಲ್ಕು ನಿಮಿಷ



ನಾನು ಗೋವಾದ ಕುಡಚಡೆಯ ಹತ್ತಿರ, ಜುವಾರಿ ಹೊಳೆಯ ದಂಡೆಯಲ್ಲಿರುವ ಒಂದು ರೆಸಾರ್ಟಿನ ಮ್ಯಾನೇಜರು. ಗೋವಾ ಅಂದಕೂಡಲೇ ನಿಮ್ಮ ಕಣ್ಣಮುಂದೆ ಕಡಲು ಬಂದಿರಬೇಕು. ನಮ್ಮಲ್ಲಿ ಕಡಲಿಲ್ಲ. ತೆಂಗು, ಅಡಿಕೆ, ಗೇರು, ಕೆಂಪು ಮಣ್ಣು, ಒಂದು ಹೊಳೆ, ಒಂದು ರೈಲು ಸ್ಟೇಷನ್ನು, ಇಷ್ಟೇ. ಆದರೆ ಸಮ್ಮೇಳನ ನಡೆಸುವವರು ನಮ್ಮಂಥ ಜಾಗವನ್ನೇ ಹುಡುಕಿಕೊಂಡು ಬರುತ್ತಾರೆ. ಕಡಲ ದಂಡೆಯಲ್ಲಿ ಸಮ್ಮೇಳನ ಇಟ್ಟರೆ ಎರಡನೆಯ ದಿನ ಮಧ್ಯಾಹ್ನದ ಗೋಷ್ಠಿಗೆ ಅಧ್ಯಕ್ಷರು, ಪ್ರಬಂಧ ಮಂಡಿಸುವವರು, ಮೈಕಿನವನು ಮೂವರೇ ಉಳಿಯುತ್ತಾರೆ ಎಂದು ಅನುಭವಸ್ಥರು ಹೇಳುತ್ತಾರೆ.

ನನ್ನ ಕೆಲಸದಲ್ಲಿ ಒಂದು ಸಣ್ಣ ಭಾಗವಿದೆ. ಸಮ್ಮೇಳನದ ಪ್ರತಿನಿಧಿಗಳು ಬಂದಿಳಿದ ಮೊದಲ ಸಂಜೆ, ರಾತ್ರಿಯ ಊಟಕ್ಕೆ ಮುಂಚೆ, ನಾನು ಎದ್ದು ನಿಂತು ಅವರನ್ನು ಸ್ವಾಗತಿಸಬೇಕು. ಇವತ್ತು ಆ ಸ್ವಾಗತ ಭಾಷಣದ ವಿಷಯವನ್ನೇ ನಿಮಗೆ ಹೇಳುತ್ತೇನೆ.

ಮೊದಲಿಗೆ ನಾನು ಕೆಡಿಸಿದ ಭಾಷಣದ ಕಥೆ. ಕುಡಚಡೆಗೆ ಬಂದ ಹೊಸತು. ಕರ್ನಾಟಕದಿಂದ ಒಂದು ದೊಡ್ಡ ತಂಡ ಬಂದಿತ್ತು. ನಮ್ಮ ಕನ್ನಡದವರು, ಚೆನ್ನಾಗಿ ಮಾತಾಡಬೇಕು ಎಂಬ ಹುಮ್ಮಸ್ಸಿನಲ್ಲಿ ನಾಲ್ಕು ದಿನ ಕೂತು ಬರೆದೆ. ಹತ್ತಿರದ ಚಾಂದೋರ ಒಂದು ಕಾಲಕ್ಕೆ ಚಂದ್ರಪುರವಾಗಿತ್ತು, ಭೋಜರು ಆಳಿದರು, ಆಮೇಲೆ ಕದಂಬರು ಬಂದರು ಎಂದು ಶುರು ಮಾಡಿದೆ. ತಾಂಬಡಿ ಸುರ್ಲಾದ ಕಲ್ಲಿನ ದೇವಸ್ಥಾನಕ್ಕೆ ಹೋದೆ. ಪೋರ್ಚುಗೀಸರ ಹತ್ತಿರ ಬರುವಷ್ಟರಲ್ಲಿ ಹತ್ತು ನಿಮಿಷ ಆಗಿತ್ತು. ಎದುರಿಗೆ ಕೂತವರು ಬೆಳಗಿನ ಜಾವ ಮನೆ ಬಿಟ್ಟವರು. ರೈಲಿನ ಧೂಳು ಇನ್ನೂ ಮೈಮೇಲಿತ್ತು. ಹಿಂದಿನ ಸಾಲಿನಲ್ಲಿ ಒಬ್ಬ ಹಿರಿಯರು ಚಪ್ಪಲಿ ಬಿಟ್ಟು, ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟು ತಿಕ್ಕಿಕೊಳ್ಳುತ್ತಿದ್ದರು. ನನಗೆ ಅದು ಕಂಡಿತು, ಆದರೂ ನಿಲ್ಲಿಸಲಿಲ್ಲ. ಕೈಯಲ್ಲಿ ಇನ್ನೂ ಎರಡು ಹಾಳೆ ಇದ್ದವು.

ಕೊನೆಗೆ ಚಪ್ಪಾಳೆ ಬಿತ್ತು. ಆ ಚಪ್ಪಾಳೆ ಮುಗಿದದ್ದಕ್ಕೆ ಎಂದು ಈಗ ಗೊತ್ತು, ಆಗ ಗೊತ್ತಾಗಲಿಲ್ಲ. ಅದರ ಖುಷಿಯಲ್ಲಿ ಕಾಗದದಲ್ಲಿ ಇಲ್ಲದ ಒಂದು ಮಾತು ಬಾಯಿಂದ ಬಂತು: "ಕಡೇ ದಿನ ರೂಮು ಬಿಡುವುದಕ್ಕೆ ಅವಸರ ಬೇಡ, ಮಧ್ಯಾಹ್ನ ಮೂರರ ತನಕ ಆರಾಮಾಗಿರಿ." ಈ ಸಲದ ಚಪ್ಪಾಳೆ ನಿಜವಾದದ್ದು. ಆದರೆ ಅದೇ ಕಡೇ ದಿನ ಎರಡು ಗಂಟೆಗೆ ಒಂದು ಮದುವೆಯ ದಿಬ್ಬಣಕ್ಕೆ ಅವೇ ರೂಮುಗಳನ್ನು ಕೊಡಬೇಕಿತ್ತು. ಅವತ್ತು ನಮ್ಮ ರಿಸೆಪ್ಶನ್ನಿನ ಎದುರು ಒಂದು ಕಡೆ ಪೆಟ್ಟಿಗೆ ಕಟ್ಟದ ಪ್ರತಿನಿಧಿಗಳು, ಇನ್ನೊಂದು ಕಡೆ ರೇಷ್ಮೆ ಸೀರೆ ಉಟ್ಟು ಬೆವರುತ್ತಿದ್ದ ನೆಂಟರು. ರೂಮು ತೊಳೆಯುವ ಹೆಣ್ಣುಮಕ್ಕಳು ಮಧ್ಯಾಹ್ನದ ಊಟ ಬಿಟ್ಟು ಕೆಲಸ ಮಾಡಿದರು. ವೇದಿಕೆಯ ಮೇಲಿಂದ ಮ್ಯಾನೇಜರು ಆಡಿದ ಮಾತು ಸಹಿ ಹಾಕಿದ ಕಾಗದದ ಹಾಗೆ. ನೂರು ಜನ ಸಾಕ್ಷಿ ಇರುತ್ತಾರೆ.

ಆ ಮೊದಲ ರಾತ್ರಿಯೇ ಇನ್ನೊಂದು ಪಾಠವಾಗಿತ್ತು. ನಮ್ಮ ರಿಸೆಪ್ಶನ್ನಿನಲ್ಲಿ ಒಂದು ಉದ್ದ ರಿಜಿಸ್ಟರು ಇದೆ. ಯಾವ ರೂಮಿನಿಂದ ಎಷ್ಟು ಹೊತ್ತಿಗೆ ಫೋನು ಬಂತು, ಏನು ಕೇಳಿದರು, ಯಾರು ಹೋದರು, ಎಲ್ಲ ಅದರಲ್ಲಿ ಬರೆಯುತ್ತೇವೆ. ಆ ರಾತ್ರಿ ಹನ್ನೊಂದಕ್ಕೆ ನೋಡಿದರೆ ಪುಟ ತುಂಬಿ ಮಗುಚಿತ್ತು. ಬಿಸಿನೀರು ಬರುತ್ತಿಲ್ಲ. ನಾಳೆ ತಿಂಡಿ ಎಷ್ಟಕ್ಕೆ? ಸಭಾಂಗಣ ಯಾವ ಕಡೆ? ಊಟದಲ್ಲಿ ಯಾವುದು ಶಾಖಾಹಾರ ಎಂದು ತಿಳಿಯಲಿಲ್ಲ, ಬರೀ ಅನ್ನ ಮೊಸರು ಉಂಡು ಬಂದೆವು. ಸೊಳ್ಳೆ. ಯಜಮಾನರಿಗೆ ರಕ್ತದೊತ್ತಡದ ಮಾತ್ರೆ ಬೇಕು, ಔಷಧದ ಅಂಗಡಿ ಎಲ್ಲಿ? ಒಂದೊಂದನ್ನೇ ಓದುತ್ತಾ ಹೋದೆ. ನಾನು ಅಷ್ಟು ಹೊತ್ತು ಮಾತಾಡಿದ್ದೆನಲ್ಲ, ಇವುಗಳಲ್ಲಿ ಒಂದಕ್ಕೂ ಅದರಲ್ಲಿ ಉತ್ತರ ಇರಲಿಲ್ಲ. ಕದಂಬರ ಬಗ್ಗೆ ಒಬ್ಬರೂ ಫೋನು ಮಾಡಿರಲಿಲ್ಲ.

ಅಂದಿನಿಂದ ನನ್ನ ಭಾಷಣಕ್ಕೆ ಆ ರಿಜಿಸ್ಟರೇ ಪರೀಕ್ಷಕ. ಹೋದ ಸಲ ಯಾವ ಪ್ರಶ್ನೆ ಹೆಚ್ಚು ಬಂತೋ, ಮುಂದಿನ ಸಲ ಅದರ ಉತ್ತರ ಭಾಷಣದೊಳಗೆ ಬರುತ್ತದೆ. ಬರೆಯುವ ಮುಂಚೆ ಎದುರಿಗೆ ಇಟ್ಟುಕೊಳ್ಳುವ ಇನ್ನೊಂದು ಕಾಗದವೂ ಇದೆ. ಹೋಟೆಲಿನವರು ಅದಕ್ಕೆ 'ಎಫ್‌ಪಿ' ಅನ್ನುತ್ತೇವೆ, ಫಂಕ್ಷನ್ ಪ್ರಾಸ್ಪೆಕ್ಟಸ್. ಎಷ್ಟು ಜನ, ಎಷ್ಟು ರೂಮು, ಊಟ ಎಷ್ಟು ಹೊತ್ತಿಗೆ, ಹುಲ್ಲುಹಾಸಿನ ಮೇಲೋ ಒಳಗೋ, ಎಷ್ಟು ಕುರ್ಚಿ, ಎಷ್ಟು ಮೈಕು, ಯಾರಿಗೆ ಯಾವ ಪಥ್ಯ, ಬಸ್ಸು ಯಾವಾಗ, ಎಲ್ಲ ಅದರಲ್ಲಿರುತ್ತದೆ. ಅದರ ಒಂದೊಂದು ಪ್ರತಿ ಅಡಿಗೆಮನೆಗೆ, ಹೌಸ್‌ಕೀಪಿಂಗಿಗೆ, ಕರೆಂಟಿನವರಿಗೆ, ಗೇಟಿನ ಕಾವಲಿನವರಿಗೆ ಹೋಗುತ್ತದೆ. ಎಫ್‌ಪಿಯಲ್ಲಿ ಇಲ್ಲದ ಸೌಲಭ್ಯ ನನ್ನ ಬಾಯಲ್ಲಿ ಬರಬಾರದು. ಮೂರು ಗಂಟೆಯ ಕಥೆ ಆದ ಮೇಲೆ ನಾನೇ ಹಾಕಿಕೊಂಡ ಕಟ್ಟು ಇದು.

ಒಂದು ನಿಜವಾದ ಸಂಜೆಯನ್ನೇ ಹೇಳುತ್ತೇನೆ. ಒಂದು ಡಿಸೆಂಬರಿನಲ್ಲಿ ಉತ್ತರ ಕರ್ನಾಟಕದ ಕಡೆಯಿಂದ ಪಶುವೈದ್ಯರ ತಂಡವೊಂದು ಬಂತು. 120 ಜನ, ಮೂರು ದಿನ. ಸಂಜೆ ಐದಕ್ಕೆ ನೋಂದಣಿ ಮತ್ತು ಚಹಾ, ಏಳಕ್ಕೆ ಸ್ವಾಗತ, ಎಂಟಕ್ಕೆ ಊಟ. ಇವೆರಡರ ನಡುವಿನ ಒಂದು ಗಂಟೆಯಲ್ಲಿ ಸಂಘದ ಕಾರ್ಯದರ್ಶಿಗಳ ಮಾತು, ಅಧ್ಯಕ್ಷರ ಮಾತು, ಮುಖ್ಯ ಅತಿಥಿಗಳ ಮಾತು, ಒಂದು ಪ್ರಾರ್ಥನೆ. ನನಗೆ ಉಳಿದದ್ದು ನಾಲ್ಕು ನಿಮಿಷ. ಮೈಕಿನ ಮುಂದೆ ನಾನು ನಿಮಿಷಕ್ಕೆ ಸುಮಾರು ನೂರು ಪದ ಆಡುತ್ತೇನೆ, ಗಡಿಯಾರ ಇಟ್ಟು ಓದಿ ನೋಡಿದ್ದೇನೆ. ಅಂದರೆ ನಾನೂರು ಪದ, ಕೈಬರಹದಲ್ಲಿ ಎರಡು ಪುಟ.

ಈ ನಾಲ್ಕು ನಿಮಿಷದಲ್ಲಿ ಮೊದಲು ಬಿಟ್ಟುಬಿಟ್ಟದ್ದು ಸಂಬೋಧನೆಯ ಸಾಲು. ಸಮ್ಮೇಳನದ ಸ್ವಾಗತವೇ ಬೇರೆ, ಮನೆಯ ಸ್ವಾಗತವೇ ಬೇರೆ. ಗಣ್ಯರ ಹೆಸರು, ಪದವಿ, ಹಾರ, ಶಾಲು, ಇವೆಲ್ಲ ಸಂಘದವರ ಪಾಲಿನದು. ಅವರು ಮಾಡಿ ಮುಗಿಸಿದ ಮೇಲೆ ನಾನೂ ಅದೇ ಪಟ್ಟಿ ಓದಿದರೆ ಒಂದು ನಿಮಿಷ ಹೋಗುತ್ತದೆ. ಸಾಲದ್ದಕ್ಕೆ ಯಾವುದೋ ಒಂದು ಹೆಸರು ತಪ್ಪಿ, ಆ ಹೆಸರಿನವರು ಮೂರು ದಿನವೂ ನನ್ನನ್ನು ಬೇರೆ ಥರ ನೋಡುತ್ತಾರೆ. "ವೇದಿಕೆಯ ಮೇಲಿನ ಹಿರಿಯರೇ, ಮನೆಗೆ ಬಂದ ನೆಂಟರೇ" ಎಂದರೆ ಸಾಕು. ನಮ್ಮ ಹಳ್ಳಿ ಮನೆಗಳಲ್ಲಿ ಯಾರಾದರೂ ಬಂದರೆ ಭಾಷಣ ಮಾಡುವವರು ಯಾರಿದ್ದಾರೆ? ಕಾಲಿಗೆ ನೀರು ಕೊಡುತ್ತೇವೆ, ಬೆಲ್ಲ ನೀರು ಕೊಡುತ್ತೇವೆ, ಬಚ್ಚಲು ಎಲ್ಲಿದೆ ಎಂದು ತೋರಿಸುತ್ತೇವೆ. ನನ್ನ ಭಾಷಣವೂ ಅದೇ ಕ್ರಮದಲ್ಲಿ ಹೋಗಲಿ ಎಂದುಕೊಂಡೆ.

ಶುರುವಿಗೆ ಊರಿನ ಒಂದು ಮಾತು ಬೇಕು. ಒಂದೇ ಒಂದು, ಅದೂ ಅವರೇ ಆಗಷ್ಟೇ ಕಂಡದ್ದು. ಪಶುವೈದ್ಯರಲ್ಲಿ ಬಹಳ ಜನ ಹುಬ್ಬಳ್ಳಿ, ಲೋಂಡಾ ದಾರಿಯಲ್ಲಿ ರೈಲಿನಲ್ಲಿ ಬಂದವರು. ಹೀಗಾಗಿ ಹೀಗೆ ಆರಂಭಿಸಿದೆ:

"ಕ್ಯಾಸಲ್‌ರಾಕ್ ಬಿಟ್ಟಮೇಲೆ ನಿಮ್ಮ ರೈಲು ಬಹಳ ನಿಧಾನವಾಯಿತು ಎಂದು ಚಹಾದ ಹೊತ್ತಿಗೆ ಕೆಲವರು ಬೇಸರಪಟ್ಟಿರಿ. ಆ ಘಾಟಿನಲ್ಲಿ ಮೂವತ್ತೇಳು ಅಡಿ ಮುಂದೆ ಹೋದರೆ ಹಳಿ ಒಂದಡಿ ಇಳಿಯುತ್ತದೆ. ರೈಲಿಗೆ ಅದು ಬಹಳ ಕಡಿದಾದ ಇಳಿಜಾರು. ನೀವು ತಿರುಗಿ ಹೋಗುವಾಗ ಕುಳೆಯಲ್ಲಿ ಹೆಚ್ಚಿನ ಎಂಜಿನ್ ಹಚ್ಚುತ್ತಾರೆ, ಅದಕ್ಕೂ ಹೊತ್ತು ಹಿಡಿಯುತ್ತದೆ. 1961ಕ್ಕೆ ಮುಂಚೆ ಬಂದಿದ್ದರೆ ಕ್ಯಾಸಲ್‌ರಾಕಿನಲ್ಲಿ ಒಂದು ಸಲ, ಕುಳೆಯಲ್ಲಿ ಪೋರ್ಚುಗೀಸರ ಎದುರು ಇನ್ನೊಂದು ಸಲ ನಿಮ್ಮ ಟ್ರಂಕು ಬಿಚ್ಚಿ ತೋರಿಸಬೇಕಿತ್ತು. ಈಗ ಯಾರಿಗೂ ತೋರಿಸಬೇಕಿಲ್ಲ. ಬಂದಿದ್ದೀರಿ, ಕೂತಿದ್ದೀರಿ. ನಿಮಗೆಲ್ಲ ಸ್ವಾಗತ."

ಇದಕ್ಕೆ ಮುಕ್ಕಾಲು ನಿಮಿಷ. ತಲೆ ಎತ್ತಿ ನೋಡಿದರು. ಜನ ತಲೆ ಎತ್ತಿದ ಆ ಹೊತ್ತಿನಲ್ಲೇ ಮುಖ್ಯವಾದ ಮಾತು ಹೇಳಿಬಿಡಬೇಕು, ಕೊನೆಗೆ ಇಡಬಾರದು. ಕೊನೆಗೆ ಬರುವ ಹೊತ್ತಿಗೆ ಅಡಿಗೆಮನೆಯಿಂದ ಒಗ್ಗರಣೆಯ ವಾಸನೆ ಬರುತ್ತದೆ, ಆಮೇಲೆ ಯಾರ ಕಿವಿಯೂ ನನ್ನದಲ್ಲ. ನಮ್ಮ ಜಾಗದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಹೊಳೆಯದು.

ಜುವಾರಿಯನ್ನು ನೋಡಿದರೆ ನಮ್ಮ ಬಯಲುಸೀಮೆಯವರಿಗೆ ಅದೊಂದು ಸಾಧು ಹೊಳೆ. ಸದ್ದಿಲ್ಲ, ಸೆಳೆತವಿದ್ದಂತೆ ಕಾಣುವುದಿಲ್ಲ. ಕಡಲು ಹತ್ತಾರು ಕಿಲೋಮೀಟರು ಆಚೆ ಇದೆ. ಆದರೆ ಕಡಲಿನ ಉಬ್ಬರ ಹೊಳೆಯೊಳಗೆ ಏರುತ್ತಾ ಕುಡಚಡೆಯ ತನಕ ಬರುತ್ತದೆ. ಅದಿರಿನ ಬಾರ್ಜುಗಳು ಇಲ್ಲಿಂದ ಬಂದರಿಗೆ ಹೋಗುತ್ತಿದ್ದದ್ದೂ ಈ ನೀರಿನ ಮೇಲೆಯೇ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಹೊತ್ತು ದಿನವೂ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ಮುಂದೆ ಹೋಗುತ್ತದೆ, ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ಏರಿಳಿತ ಜೋರು. ಮಧ್ಯಾಹ್ನ ಊಟವಾದ ಮೇಲೆ ಕೂತು ಹರಟೆ ಹೊಡೆದ ಕಲ್ಲು ಸಂಜೆ ನೀರಿನಡಿ ಇರುತ್ತದೆ. ನೀರು ಇಳಿದಾಗ ದಂಡೆಯ ಮೇಲೆ ಉಳಿಯುವ ಕೆಸರು ಬೆಣ್ಣೆಯ ಹಾಗೆ ಜಾರುತ್ತದೆ. ಇದನ್ನೆಲ್ಲ ಭಾಷಣದಲ್ಲಿ ಹೇಳಿದರೆ ಮತ್ತೆ ಹಳೆಯ ತಪ್ಪೇ. ಅವರಿಗೆ ಹೇಳಿದ್ದು ಇಷ್ಟು:

"ಎದುರಿಗಿರುವುದು ಕೆರೆಯಲ್ಲ, ಹೊಳೆ. ಅದರೊಳಗೆ ಕಡಲಿನ ನೀರು ದಿನಕ್ಕೆ ಎರಡು ಸಲ ಏರಿ ಬರುತ್ತದೆ. ಬಿಳಿ ಬಣ್ಣ ಹೊಡೆದ ಮೆಟ್ಟಿಲಿನ ತನಕ ಹೋಗಿ, ಅದರ ಕೆಳಗೆ ಇಳಿಯಬೇಡಿ. ಈಜು ಬರುವವರಿಗೂ ಇದೇ ಮಾತು. ಕತ್ತಲಾದ ಮೇಲೆ ಅಲ್ಲಿ ನಮ್ಮ ಕಾವಲಿನವರು ಇರುತ್ತಾರೆ. ತಡೆದರೆ ಸಿಟ್ಟಾಗಬೇಡಿ, ತಡೆಯಲು ಹೇಳಿದವನು ನಾನು."

ಕೊನೆಯ ಆ ವಾಕ್ಯ ಬೇಕೇ ಬೇಕು. ಅದಿಲ್ಲದಿದ್ದರೆ ರಾತ್ರಿ ಹತ್ತಕ್ಕೆ ದೊಡ್ಡ ಡಾಕ್ಟರೊಬ್ಬರನ್ನು ತಡೆಯಬೇಕಾದ ಇಪ್ಪತ್ತೆರಡರ ಹುಡುಗನಿಗೆ ಬೈಗುಳ ತಪ್ಪುವುದಿಲ್ಲ.

ಇದರ ಬೆನ್ನಿಗೆ ಬೆಂಕಿಯ ಮಾತು. ಹೇಳಿದರೆ ಜನ ಹೆದರುತ್ತಾರೆ, ಮೊದಲ ಸಂಜೆ ಅಪಶಕುನ ಯಾಕೆ ಎಂದು ನಮ್ಮ ಕೆಲವು ಸಹೋದ್ಯೋಗಿಗಳೇ ಅನ್ನುತ್ತಾರೆ. ಹೆದರಿಸುವುದು ಆ ಮಾತಲ್ಲ, ಅದನ್ನು ಹೇಳುವ ದನಿ. "ಗಂಟೆ ಬಿಡದೆ ಹೊಡೆದರೆ ಸಾಮಾನು ಬಿಟ್ಟು ಹೊರಗೆ ಬನ್ನಿ. ಎಲ್ಲರೂ ಸೇರುವುದು ಗೇಟಿನ ಬಳಿಯ ಆ ದೊಡ್ಡ ಹಲಸಿನ ಮರದ ಕೆಳಗೆ" ಎಂದು ಕೈ ಮಾಡಿ ತೋರಿಸಿದೆ. 120 ತಲೆ ಒಟ್ಟಿಗೆ ಹಲಸಿನ ಮರದ ಕಡೆ ತಿರುಗಿದವು. ತಿರುಗಿದರೆ ಕೆಲಸ ಆಯಿತು. ಒಂದು ಸಲ ಕಣ್ಣಿಂದ ನೋಡಿದ ಮರವನ್ನು ಕತ್ತಲಲ್ಲೂ ಹುಡುಕುತ್ತಾರೆ. ನಕ್ಷೆಯನ್ನು ರೂಮಿನ ಬಾಗಿಲ ಹಿಂದೆ ಅಂಟಿಸಿರುತ್ತೇವೆ, ಅದನ್ನು ಓದಿದ ಅತಿಥಿಯನ್ನು ನಾನಿನ್ನೂ ಕಂಡಿಲ್ಲ.

ಮೂರನೆಯದು ಊಟ. ಗೋವಾಕ್ಕೆ ಬರುವ ಕನ್ನಡಿಗರ ತಂಡದಲ್ಲಿ ಅರ್ಧದಷ್ಟು ಜನರ ಮನಸ್ಸಿನಲ್ಲಿ ಒಂದು ಅಳುಕು ಇರುತ್ತದೆ, ಬಾಯಿಬಿಟ್ಟು ಕೇಳುವುದಿಲ್ಲ. ಅವರಿಗೆ ಬೇಕಾದದ್ದು 'ಶಾಖಾಹಾರವೂ ಇದೆ' ಎಂಬ ಮಾತಲ್ಲ. ಎಲ್ಲಿ ಬೇಯಿಸಿದಿರಿ, ಯಾವ ಸೌಟು ಹಾಕಿದಿರಿ ಎಂಬುದು. ಹೀಗಾಗಿ ಅದನ್ನೇ ಹೇಳಿದೆ:

"ಎಡಗಡೆಯ ಮೇಜುಗಳೆಲ್ಲ ಶಾಖಾಹಾರ. ಅದರ ಒಲೆ ಬೇರೆ, ಪಾತ್ರೆ ಬೇರೆ, ಬಡಿಸುವವರು ಬೇರೆ. ಆ ಕಡೆಯ ಸೌಟು ಈ ಕಡೆ ಬರುವುದಿಲ್ಲ. ಮೀನು ಬೇಕಾದವರು ಬಲಗಡೆ ಹೋಗಿ. ಈ ಕಡೆ ಜೋಳದ ರೊಟ್ಟಿ ಇದೆ, ಬಡಿಯುವ ಬಾಯಿ ಗದಗದ ಕಡೆಯವರು. ಪಕ್ಕದಲ್ಲೇ ಖತಖತೆ ಎಂಬ ಗೋವಾದ ಪಲ್ಯ ಇದೆ, ನಾನಾ ತರಕಾರಿಯದು. ಬಾಯಿಗೆ ಜುಂ ಅನ್ನುವ ಕಾಯಿ ಸಿಕ್ಕರೆ ಗಾಬರಿ ಬೇಡ, ಅದು ನಮ್ಮ ಘಟ್ಟದ ಜುಮ್ಮನಕಾಯಿ. ಅಗಿಯದೆ ಪಕ್ಕಕ್ಕೆ ತೆಗೆದಿಡಿ."

ಒಂದು ಸಣ್ಣ ನಗೆ ಎದ್ದಿತು. ನಗೆಗಾಗಿ ಹೇಳಿದ್ದಲ್ಲ. ಹಿಂದೊಂದು ಸಲ ಯಾರೋ ಅದನ್ನು ಕಚ್ಚಿ, ನಾಲಿಗೆ ಮರಗಟ್ಟಿತು ಎಂದು ರಾತ್ರಿ ಹತ್ತೂವರೆಗೆ ಫೋನು ಮಾಡಿದ್ದು ರಿಜಿಸ್ಟರಿನಲ್ಲಿ ಇತ್ತು.

ಉಳಿದದ್ದು ಬೇಗ ಮುಗಿಯಿತು. ಬಿಸಿನೀರು ಬಿಸಿಲಿನ ತೊಟ್ಟಿಯಿಂದ ಉದ್ದ ಪೈಪಿನಲ್ಲಿ ಬರುತ್ತದೆ, ಎರಡು ನಿಮಿಷ ನಲ್ಲಿ ಬಿಡಿ, ಆ ತಣ್ಣೀರನ್ನು ಬಕೆಟ್ಟಿನಲ್ಲಿ ಹಿಡಿದಿಡಿ. ತಿಂಡಿ ಏಳೂವರೆಗೆ. ರಾತ್ರಿ ಯಾರಿಗಾದರೂ ಹುಷಾರಿಲ್ಲದಿದ್ದರೆ ರೂಮಿನ ಫೋನಿನಲ್ಲಿ ಸೊನ್ನೆ ಒತ್ತಿ, ಗಾಡಿ ಗೇಟಿನಲ್ಲೇ ನಿಂತಿರುತ್ತದೆ. ಹೊರಗಿನ ಹಾಡು ರಾತ್ರಿ 10ಕ್ಕೆ ನಿಲ್ಲುತ್ತದೆ. ಇದನ್ನು ನಾನು ಯಾವಾಗಲೂ ಮೊದಲ ಸಂಜೆಯೇ ಹೇಳಿಬಿಡುತ್ತೇನೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮುಂಚೆ ಹೇಳಿದರೆ ಅದು ಕಾನೂನು. ಕಡೇ ರಾತ್ರಿ ಕುಣಿತದ ನಡುವೆ ಹೋಗಿ ಹೇಳಿದರೆ ಅದೇ ಮಾತು ಮ್ಯಾನೇಜರನ ಕೆಟ್ಟ ಬುದ್ಧಿ ಆಗುತ್ತದೆ.

ಬಾಟಲಿಯ ವಿಷಯವನ್ನು ಮಾತ್ರ ಭಾಷಣದಲ್ಲಿ ಹೇಳಲಿಲ್ಲ. ಗೋವಾದ ಬಾಟಲಿಯ ಮೇಲೆ ಗೋವಾದಲ್ಲಿ ಮಾತ್ರ ಮಾರಾಟಕ್ಕೆ ಎಂದು ಅಚ್ಚಾಗಿರುತ್ತದೆ, ಚೀಲದಲ್ಲಿಟ್ಟು ಗಡಿ ದಾಟಿದರೆ ಅಬಕಾರಿಯವರು ಹಿಡಿಯುತ್ತಾರೆ. ಹೇಳಬೇಕಾದ ಮಾತೇ. ಆದರೆ ಹಿರಿಯರು, ಹೆಂಗಸರು ಕೂತ ಸಭೆಯಲ್ಲಿ ಅದನ್ನು ಎತ್ತಿದರೆ ನೀವೆಲ್ಲ ಬಾಟಲಿ ಒಯ್ಯಲು ಬಂದವರು ಎಂದ ಹಾಗೆ. ಅದಕ್ಕೆ ಒಂದು ಚೀಟಿ ಮಾಡಿ ರೂಮಿನಲ್ಲಿ ಇಡುತ್ತೇವೆ. ವೈಫೈ ಗುಟ್ಟುಪದವೂ ಹಾಗೆಯೇ, ಕೀಲಿಯ ಲಕೋಟೆಯಲ್ಲಿ. ಅದನ್ನು ಮೈಕಿನಲ್ಲಿ ಓದಿದರೆ ಬರೆದುಕೊಳ್ಳಲು ಎಲ್ಲರೂ ಮೊಬೈಲು ತೆಗೆಯುತ್ತಾರೆ, ಒಮ್ಮೆ ತೆಗೆದವರು ಮತ್ತೆ ಒಳಗೆ ಇಡುವುದಿಲ್ಲ.

ಮೈಕಿನ ಬಗ್ಗೆಯೂ ಒಂದು ಮಾತು. ಹುಲ್ಲುಹಾಸಿನ ಮೇಲೆ ಗೋಡೆಯಿಲ್ಲ, ದನಿ ಚದುರಿ ಹೋಗುತ್ತದೆ. ಭಾಷಣಕಾರರು ಉತ್ಸಾಹದಿಂದ ನಾಲ್ಕು ಹೆಜ್ಜೆ ಮುಂದೆ ಬಂದು ಸ್ಪೀಕರ್ ಪೆಟ್ಟಿಗೆಯ ಎದುರು ನಿಂತರೆ ಪೆಟ್ಟಿಗೆಯ ದನಿ ಮೈಕಿಗೆ ಹೋಗಿ, ಮೈಕಿನದು ಮತ್ತೆ ಪೆಟ್ಟಿಗೆಗೆ ಬಂದು ಕುಂಯ್ ಎಂದು ಕೂಗುತ್ತದೆ. ಬೈಸಿಕೊಳ್ಳುವವನು ಮೈಕಿನವನು. ನಾನು ಪೆಟ್ಟಿಗೆಗಳ ಹಿಂದೆ ನಿಲ್ಲುತ್ತೇನೆ, ಮೈಕನ್ನು ಬಾಯಿಂದ ನಾಲ್ಕು ಬೆರಳು ದೂರ ಹಿಡಿಯುತ್ತೇನೆ. ಸಂಜೆ ಆರಕ್ಕೆ ನಮ್ಮ ಹುಡುಗನೊಬ್ಬನನ್ನು ಕಡೇ ಸಾಲಿನಲ್ಲಿ ಕೂರಿಸಿ ಎರಡು ವಾಕ್ಯ ಓದಿ, ಕೇಳಿಸಿತೇ ಎಂದು ಕೇಳುವುದು ವಾಡಿಕೆ. ಖಾಲಿ ಕುರ್ಚಿಗಳ ನಡುವೆ ಕೇಳಿಸಿದ್ದು ಜನ ತುಂಬಿದ ಮೇಲೆ ಅಷ್ಟು ಕೇಳಿಸುವುದಿಲ್ಲ, ಆದ್ದರಿಂದ ಒಂದು ಗುಂಜು ಹೆಚ್ಚಿಗೆ ಇಟ್ಟುಕೊಳ್ಳಬೇಕು.

ಅವತ್ತು ನನ್ನ ಭಾಷಣ ಮುಗಿದದ್ದು ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡಿಗೆ. ಕೊನೆಗೆ ನಮ್ಮವರನ್ನು ಎದ್ದು ನಿಲ್ಲಿಸಿ ಪರಿಚಯ ಮಾಡಿಸಿದೆ: ರಾತ್ರಿ ರಿಸೆಪ್ಶನ್ನಿನಲ್ಲಿ ಇರುವ ಹುಡುಗಿ, ಅಡಿಗೆಯ ಮುಖ್ಯಸ್ಥರು, ರೊಟ್ಟಿ ಬಡಿಯುವ ಬಾಯಿ, ಬಸ್ಸಿನ ಚಾಲಕರು. ಚಾಲಕರಲ್ಲಿ ಇಬ್ಬರು ಮೊದಲು ಅದಿರಿನ ಲಾರಿ ಓಡಿಸುತ್ತಿದ್ದವರು. 2012ರಲ್ಲಿ ಗೋವಾದ ಗಣಿಗಳು ನಿಂತಾಗ ಕುಡಚಡೆಯ ರಸ್ತೆಗಳಲ್ಲಿ ಸಾಲುಗಟ್ಟಿ ಓಡುತ್ತಿದ್ದ ಲಾರಿಗಳು ನಿಂತವು, ಆಮೇಲೆ ಇವರು ನಮ್ಮಲ್ಲಿಗೆ ಬಂದರು. ಅದನ್ನು ನಾನು ಸಭೆಯಲ್ಲಿ ಹೇಳಲಿಲ್ಲ. ಹೆಸರು ಹೇಳಿ ಮುಖ ತೋರಿಸಿದೆ, ಅಷ್ಟೇ. ರಾತ್ರಿ ಏನಾದರೂ ಬೇಕಾದಾಗ ನೆಂಟರಿಗೆ ನೆನಪಾಗಬೇಕಾದದ್ದು ನನ್ನ ಮುಖವಲ್ಲ, ಆ ಮುಖಗಳು.

ರಾತ್ರಿ ಹನ್ನೊಂದಕ್ಕೆ ರಿಜಿಸ್ಟರು ನೋಡಿದೆ. ಅರ್ಧ ಪುಟ. ಹೆಚ್ಚಿನವು ಇನ್ನೊಂದು ಹೊದಿಕೆ ಬೇಕು ಎಂದು. ಡಿಸೆಂಬರಿನಲ್ಲಿ ಹೊಳೆಯ ದಂಡೆ ತಣ್ಣಗಾಗುತ್ತದೆ, ಅದನ್ನು ಎಫ್‌ಪಿಯಲ್ಲಿ ಬರೆಯದೆ ಹೋದದ್ದು ನನ್ನ ತಪ್ಪು. ಒಬ್ಬ ಡಾಕ್ಟರು ಮಾತ್ರ, ಆ ಹೊಳೆಯ ನೀರು ಉಪ್ಪಾಗಿದ್ದರೆ ಇಲ್ಲಿಯ ಎಮ್ಮೆಗಳು ಎಲ್ಲಿ ನೀರು ಕುಡಿಯುತ್ತವೆ ಎಂದು ಕೇಳಿದ್ದರು. ಉತ್ತರ ರಿಸೆಪ್ಶನ್ನಿನ ಹುಡುಗಿಗೆ ಗೊತ್ತಿರಲಿಲ್ಲ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ನಾನೇ ಹೋಗಿ ಹೇಳಿದೆ: ಬಾವಿಯಲ್ಲಿ, ಮೇಲಿನ ತೊರೆಗಳಲ್ಲಿ.

ಕೇಳುಗರಲ್ಲಿ ಸಮ್ಮೇಳನ ನಡೆಸುವವರು ಯಾರಾದರೂ ಇದ್ದರೆ ಅವರಲ್ಲಿ ಒಂದು ವಿನಂತಿ. ಊಟದ ಲೆಕ್ಕವನ್ನೂ ಪಥ್ಯದವರ ಪಟ್ಟಿಯನ್ನೂ ಎರಡು ದಿನ ಮುಂಚೆ ಮ್ಯಾನೇಜರ ಕೈಗೆ ಕೊಡಿ. ಮೊದಲ ಸಂಜೆಯ ಕಾರ್ಯಕ್ರಮದಲ್ಲಿ ಅವರಿಗೆ ಐದು ನಿಮಿಷ ಇಡಿ, ಎಲ್ಲ ಗಣ್ಯರ ಮಾತು ಮುಗಿದ ಮೇಲೆ ಅಲ್ಲ, ನಡುವೆ. ಕುಡಚಡೆಗೇ ಬರುವುದಾದರೆ ಆಮಂತ್ರಣ ಪತ್ರಿಕೆಯಲ್ಲಿ ಸ್ಟೇಷನ್ನಿನ ಹೆಸರನ್ನು ಸರಿಯಾಗಿ ಹಾಕಿಸಿ. ಊರು ಕುಡಚಡೆ, ಸ್ಟೇಷನ್ನು ಇರುವುದೂ ಕುಡಚಡೆಯಲ್ಲೇ, ಆದರೆ ರೈಲಿನವರ ಪಟ್ಟಿಯಲ್ಲಿ ಅದು ಹೊಳೆಯಾಚೆಯ ಊರಿನ ಹೆಸರಿನಿಂದ ಶುರುವಾಗುತ್ತದೆ: ಸಾಂವರ್ಡೆ, ಟಿಕೆಟ್ಟಿನಲ್ಲಿ SVM.